ಹೊಗಳಿಕೆಯೊಳಗಿನ ದೂರು: ಅರಬ್ಬಿ ಗ್ರಾಹಕ ವಿಮರ್ಶೆಗಳನ್ನು ಇಂಗ್ಲಿಷಿಗೆ ತರುವ ಬಗೆ

"ಹಸ್ಬಿಯಲ್ಲಾಹು ವ ನಿಅಮಲ್ ವಕೀಲ್" ಎಂಬ ಒಂದೇ ಸಾಲಿನ ವಿಮರ್ಶೆಯನ್ನು ಇಬ್ಬರು ಎರಡು ಬಗೆಯಲ್ಲಿ ತಪ್ಪಾಗಿ ಅನುವಾದಿಸಿದ್ದನ್ನು ದುಬೈಯಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡಿದ್ದೇನೆ. ಕನ್ನಡದ ಹುಡುಗನೊಬ್ಬ ನಮ್ಮ 'ವಕೀಲ' ಎಂಬ ಪದವನ್ನು ನೆನೆದು, ಗ್ರಾಹಕರು ನ್ಯಾಯಾಲಯಕ್ಕೆ ಹೋಗುವುದಾಗಿ ಎಚ್ಚರಿಸಿದ್ದಾರೆ ಎಂದು ದಾಖಲಿಸಿದ. ಇನ್ನೊಬ್ಬರು ಅದೇ ಪದಕ್ಕೆ ಮಾರಾಟದ ಏಜೆಂಟ್ ಎಂಬ ಅರ್ಥ ಹಚ್ಚಿ, ಸಾಲನ್ನು ಮೆಚ್ಚುಗೆಯ ಪಟ್ಟಿಗೆ ಸೇರಿಸಿದರು. ಕುರ್‌ಆನಿನ 3ನೇ ಅಧ್ಯಾಯದ 173ನೇ ವಾಕ್ಯದಿಂದ ಬಂದಿರುವ ಈ ನುಡಿಯ ಅರ್ಥ 'ನನಗೆ ದೇವರೇ ಸಾಕು, ಹೊಣೆ ಹೊರಲು ಅವನಿಗಿಂತ ಒಳ್ಳೆಯವರಿಲ್ಲ' ಎಂಬುದು. ವಿಮರ್ಶೆಯಲ್ಲಿ ಇದು ಬಂದರೆ, ಬರೆದವರು ತಮಗೆ ಅನ್ಯಾಯವಾಗಿದೆ ಎಂದು ತಿಳಿದಿದ್ದಾರೆ ಎಂದರ್ಥ. ಅದು ಹೊಗಳಿಕೆಯೂ ಅಲ್ಲ, ಕಾನೂನಿನ ನೋಟಿಸೂ ಅಲ್ಲ.

ಇಂಥ ವಿಮರ್ಶೆಗಳನ್ನು ಅನುವಾದಿಸುವ ನಾಲ್ಕು ಹಂತಗಳಲ್ಲಿ ಮೊದಲನೆಯದು ಸುಲಭವಾದದ್ದು. ವಿಮರ್ಶೆಯನ್ನು ಬರೆದಂತೆಯೇ, ಎಳೆದ ಅಕ್ಷರಗಳನ್ನೂ ನಗುವಿನ 'ಹಹಹ'ವನ್ನೂ ಬಿಡದೆ, ನಕ್ಷತ್ರಗಳ ಸಂಖ್ಯೆ, ದಿನಾಂಕ ಮತ್ತು ಗ್ರಾಹಕರ ದೇಶದೊಂದಿಗೆ ಒಂದು ಕಡೆ ಇಟ್ಟುಕೊಳ್ಳಿ.

ಎರಡನೆಯದಾಗಿ, ಅದು ಯಾವ ಊರಿನ ಅರಬ್ಬಿ ಎಂದು ಗುರುತಿಸಬೇಕು. ಇದಕ್ಕೆ 'ತುಂಬಾ' ಎಂಬರ್ಥದ ಪದವನ್ನು ಹುಡುಕುವುದು ಒಳ್ಳೆಯ ದಾರಿ. ಈಜಿಪ್ಟಿನವರು 'ಅವಿ' ಎನ್ನುತ್ತಾರೆ, ಲೆಬನಾನ್ ಮತ್ತು ಸಿರಿಯಾದವರು 'ಕ್ತೀರ್' ಎನ್ನುತ್ತಾರೆ, ಕುವೈತ್ ಮತ್ತು ಎಮಿರೇಟ್ಸ್‌ನವರು 'ವಾಯಿದ್' ಎನ್ನುತ್ತಾರೆ, ಸೌದಿಯವರು ಹೆಚ್ಚಾಗಿ 'ಮರ್ರಾ' ಎನ್ನುತ್ತಾರೆ. ಗ್ರಂಥಸ್ಥ ಅರಬ್ಬಿಯಲ್ಲಿ 'ಮರ್ರಾ' ಎಂದರೆ 'ಒಂದು ಸಲ'. ಆದ್ದರಿಂದ 'ಹಿಲೂ ಮರ್ರಾ' ಎಂದು ಬರೆದ ಸೌದಿ ಗ್ರಾಹಕರು 'ತುಂಬಾ ಚೆನ್ನಾಗಿದೆ' ಎಂದಿರುತ್ತಾರೆ. ಅದನ್ನು 'ಒಂದು ಸಲ ಚೆನ್ನಾಗಿತ್ತು' ಎಂದು ಅನುವಾದಿಸಿದರೆ ಮೆಚ್ಚುಗೆಯೇ ದೂರು ಆಗಿಬಿಡುತ್ತದೆ. ಕಿಸೆಯಲ್ಲಿ ಹಿಡಿಸುವ ಅಗ್ಗದ ಅರಬ್ಬಿ-ಇಂಗ್ಲಿಷ್ ನಿಘಂಟುಗಳಲ್ಲಿ ಹೆಚ್ಚಿನವು ಗ್ರಂಥಸ್ಥ ಭಾಷೆಯನ್ನಷ್ಟೇ ಕೊಡುವುದರಿಂದ, ಈ ಕೆಲಸಕ್ಕೆ ಅವನ್ನು ಕೊಳ್ಳಲೇಬೇಡಿ. ಈಜಿಪ್ಟಿನ ವಿಮರ್ಶೆಗಳೇ ಹೆಚ್ಚಾಗಿದ್ದರೆ, ಹಿಂಡ್ಸ್ ಮತ್ತು ಬದವಿಯವರು 1986ರಲ್ಲಿ ಪ್ರಕಟಿಸಿದ ಈಜಿಪ್ಟ್ ಅರಬ್ಬಿಯ ನಿಘಂಟು ಒಂದೇ ಸಾಕು.

ಕಷ್ಟದ ಹಂತ ಮೂರನೆಯದು: ಮಾತು ನೇರವಾದದ್ದೋ, ತಿರುಗಿಸಿದ್ದೋ ಎಂದು ತೀರ್ಮಾನಿಸುವುದು. ಇದು ಎರಡೂ ದಿಕ್ಕಿನಲ್ಲಿ ಮೋಸಗೊಳಿಸುತ್ತದೆ. ಕೆಡುಕಿನ ಪದ ಹೊಗಳಿಕೆಯಾಗುವುದು ನಮಗೆ ಹೊಸದಲ್ಲ. 'ಭಯಂಕರ ರುಚಿ' ಎನ್ನುವ ನಾವು, ಕೊಲ್ಲಿಯ ಗ್ರಾಹಕರು 'ಭಯಾನಕ' ಎಂಬರ್ಥದ 'ರಹೀಬ್', 'ಹುಚ್ಚು ಹಿಡಿಸುತ್ತದೆ' ಎಂಬರ್ಥದ 'ಯ್‌ಜನ್ನಿನ್', 'ಅಪಾಯಕಾರಿ' ಎಂಬರ್ಥದ 'ಖತೀರ್' ಎಂದು ಮೆಚ್ಚುವುದನ್ನು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆವು. ಆದರೆ ವಿದ್ಯುತ್ ಉಪಕರಣದ ವಿಮರ್ಶೆಯಲ್ಲಿ 'ಖತೀರ್' ಕಂಡರೆ, ಹೊಗೆ, ಸುಟ್ಟ ವಾಸನೆ, ವಿದ್ಯುತ್ ಆಘಾತ ಇವುಗಳಲ್ಲಿ ಯಾವುದಾದರೂ ಅಕ್ಕಪಕ್ಕದಲ್ಲಿ ಇದೆಯೇ ಎಂದು ನೋಡಲೇಬೇಕು. ಇದ್ದರೆ ಅದನ್ನು ನಿಜವಾದ ಅಪಾಯವೆಂದೇ ದಾಖಲಿಸಿ, ಗ್ರಾಹಕರನ್ನು ಅಂದೇ ಸಂಪರ್ಕಿಸುವಂತೆ ಮಾರಾಟಗಾರರಿಗೆ ತಿಳಿಸಬೇಕು.

ಹೊಗಳಿಕೆಯ ಪದದಿಂದ ತೆಗಳುವುದನ್ನು ಅರಬ್ಬಿ ಅಲಂಕಾರಶಾಸ್ತ್ರ 'ತಹಕ್ಕುಮ್' ಎನ್ನುತ್ತದೆ. ನಮ್ಮ ವ್ಯಾಜಸ್ತುತಿಗೆ ಅದು ಹತ್ತಿರದ್ದು. ಅದನ್ನು ಹಿಡಿಯಲು ನಾನು ನಂಬುವ ಗುರುತು ಒಂದೇ: ಹೊಗಳಿಕೆ ಸಾಮಾನ್ಯ ಮಾತಿನಲ್ಲಿದ್ದು, ಅದರ ಬೆನ್ನಿಗೆ ಬರುವ ವಿವರ ನಿರ್ದಿಷ್ಟವಾಗಿಯೂ ಕೆಟ್ಟದಾಗಿಯೂ ಇದ್ದರೆ, ವಿವರವನ್ನೇ ನಂಬಬೇಕು. ಐದು ನಕ್ಷತ್ರಗಳಿದ್ದರೂ ಈ ನಿಯಮ ಬದಲಾಗುವುದಿಲ್ಲ.

ಉತ್ಪ್ರೇಕ್ಷೆಗೆ ಅದೇ ಶಾಸ್ತ್ರದ ಮೂರು ಮೆಟ್ಟಿಲುಗಳು ನೆರವಾಗುತ್ತವೆ. ಬುದ್ಧಿಗೂ ರೂಢಿಗೂ ಒಪ್ಪುವ ಅತಿಶಯ 'ತಬ್ಲೀಗ್', ಬುದ್ಧಿಗೆ ಒಪ್ಪಿದರೂ ರೂಢಿಯಲ್ಲಿ ನಡೆಯದ್ದು 'ಇಗ್ರಾಕ್', ಎರಡಕ್ಕೂ ಒಪ್ಪದ್ದು 'ಗುಲುವ್ವ್'. ಅನುವಾದಕರು ಹೆಚ್ಚಾಗಿ ಎಡವುವುದು ಮೊದಲನೆಯದರಲ್ಲಿ, ಏಕೆಂದರೆ ಅದು ಅತಿಶಯವೂ ಆಗಿರಬಹುದು, ನಿಜವೂ ಆಗಿರಬಹುದು.

ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಬಗ್ಗೆ ಈಜಿಪ್ಟಿನ ಗ್ರಾಹಕರೊಬ್ಬರು ಐದು ನಕ್ಷತ್ರ ಕೊಟ್ಟು ಹೀಗೆ ಬರೆದಿದ್ದಾರೆ ಎಂದುಕೊಳ್ಳೋಣ: "ಮಾ ಶಾ ಅಲ್ಲಾ, ಕೆಟಲ್ ತುಹ್ಫಾ, ಪೂರ್ತಿ ಯೋಮೇನ್ ನನ್ನ ಜೊತೆ ಕೂತಿತ್ತು! ಅದರ ಸದ್ದಿಗೆ ಕಟ್ಟಡವೆಲ್ಲ ಎದ್ದಿತು, ನೀರು ಬಿಸಿಯಾಗುವುದು ಮುಂದಿನ ಈದ್‌ಗೆ. ಕತ್ತರ್ ಖೇರ್ಕುಮ್, ಇಲ್-ಅವದ್ ಅಲಲ್ಲಾ."

'ತುಹ್ಫಾ' ಎಂದರೆ ಅಪರೂಪದ ಕಲಾಕೃತಿ. ಮುಂದಿನ ಮಾತೆಲ್ಲ ದೂರೇ ಆಗಿರುವುದರಿಂದ ಇಲ್ಲಿ ಅದು ತಿರುಗಿಸಿದ ಮಾತು. 'ಕೂತಿತ್ತು' ಎಂದರೆ ಬಾಳಿಕೆ ಬಂತು. 'ಯೋಮೇನ್' ಎಂಬುದು ವ್ಯಾಕರಣದಲ್ಲಿ ದ್ವಿವಚನ, ಅಂದರೆ ಎರಡು ದಿನ. ಆಡುಮಾತಿನಲ್ಲಿ ಅದು ನಮ್ಮ 'ಎರಡು ದಿನ'ದಂತೆ 'ಕೆಲವೇ ದಿನ' ಎಂದೂ ಆಗುವುದರಿಂದ, ತಲುಪಿಸಿದ ದಿನಾಂಕದೊಂದಿಗೆ ತಾಳೆ ನೋಡದೆ ಅಂಕಿಯನ್ನು ಬರೆಯಬಾರದು. ಕಟ್ಟಡವೆಲ್ಲ ಎದ್ದದ್ದು ಎರಡನೆಯ ಮೆಟ್ಟಿಲಿನ ಮಾತು. ಅದರಿಂದ 'ಸದ್ದು ಹೆಚ್ಚು' ಎಂಬುದನ್ನು ಮಾತ್ರ ತೆಗೆದುಕೊಳ್ಳಬೇಕು. ಈದ್‌ನ ಮಾತಿನಿಂದ ದೊರೆಯುವುದು 'ನೀರು ಕಾಯುವುದು ನಿಧಾನ' ಎಂಬುದು. ಅತಿಶಯವೆಂದು ಇಡೀ ವಾಕ್ಯವನ್ನೇ ತಳ್ಳಿಹಾಕುವವರು ಈ ಎರಡು ದೋಷಗಳನ್ನೂ ಕಳೆದುಕೊಳ್ಳುತ್ತಾರೆ.

'ಕತ್ತರ್ ಖೇರ್ಕುಮ್' ಎಂದರೆ 'ನಿಮ್ಮ ಒಳಿತು ಹೆಚ್ಚಲಿ' ಎಂಬ ಧನ್ಯವಾದ. ದೂರಿನ ಕೊನೆಯಲ್ಲಿ ಬಂದಾಗ ಅದು ಕಹಿಯಾಗುತ್ತದೆ. 'ಇಲ್-ಅವದ್ ಅಲಲ್ಲಾ' ಎಂಬುದನ್ನು ಪದಕ್ಕೆ ಪದವಿಟ್ಟರೆ 'ಪರಿಹಾರ ದೇವರ ಮೇಲಿದೆ' ಎಂದಾಗುತ್ತದೆ. 'ಪರಿಹಾರ' ಎಂಬ ಪದ ಕಂಡೊಡನೆ ಹಣ ವಾಪಸಿಗೆ ಬೇಡಿಕೆ ಎಂದು ದಾಖಲಿಸುವ ತಪ್ಪನ್ನು ಹಲವು ಸಲ ತಿದ್ದಿದ್ದೇನೆ. ಹೋದ ಹಣ ಹೋಯಿತು, ದೇವರೇ ತುಂಬಿಕೊಡಲಿ ಎಂದು ಕೈಚೆಲ್ಲುವಾಗ ಆಡುವ ಮಾತು ಅದು. ಇಲ್ಲಿ ಗ್ರಾಹಕರು ಏನನ್ನೂ ಕೇಳಿಲ್ಲ.

ನಾಲ್ಕನೆಯ ಹಂತ ಬರವಣಿಗೆ. ಇದಕ್ಕೆ ಮೂರು ಕಾಲಂ ಬೇಕು. ಮೊದಲನೆಯದರಲ್ಲಿ ಇಂಗ್ಲಿಷ್ ಅನುವಾದವಿರಲಿ. ಅದರಲ್ಲಿ ಕಟ್ಟಡವೂ ಈದ್ ಹಬ್ಬವೂ ದೇವರ ಹೆಸರೂ ಉಳಿಯಬೇಕು. ಇಂಗ್ಲಿಷಿನ ಸಿದ್ಧ ವ್ಯಂಗ್ಯೋಕ್ತಿಗಳನ್ನು ತಂದು ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಗ್ರಾಹಕರು ಆಡದ ಮಾತು ಅವರ ಹೆಸರಿನಲ್ಲಿ ದಾಖಲೆಗೆ ಸೇರಬಾರದು. ಎರಡನೆಯದರಲ್ಲಿ ಧೋರಣೆಯನ್ನು ಬರೆಯಿರಿ: ಹೊಗಳಿಕೆಯ ರೂಪದ ದೂರು, ನಕ್ಷತ್ರಗಳಿಗೆ ವಿರುದ್ಧ, ಹಣ ವಾಪಸು ಕೇಳಿಲ್ಲ. ಮೂರನೆಯದರಲ್ಲಿ ಪರೀಕ್ಷಿಸಬಹುದಾದ ಸಂಗತಿಗಳು ಮಾತ್ರ ಇರಬೇಕು: ಬೇಗ ಕೆಟ್ಟಿತು, ಸದ್ದು ಹೆಚ್ಚು, ನಿಧಾನವಾಗಿ ಕಾಯುತ್ತದೆ. ಎರಡನೆಯ ಮತ್ತು ಮೂರನೆಯ ಕಾಲಂಗಳನ್ನು ಒಂದೇ ಮಾಡಿ ಸಮಯ ಉಳಿಸುವವರಿದ್ದಾರೆ. ಹಾಗೆ ಮಾಡಿದರೆ ಅನುವಾದಕರ ಊಹೆಯೂ ಗ್ರಾಹಕರ ಮಾತೂ ಮುಂದೆ ಬೇರ್ಪಡಿಸಲಾಗದಂತೆ ಬೆರೆತುಹೋಗುತ್ತವೆ.

ವಿಮರ್ಶೆ 'ತುಹ್ಫಾ' ಎಂಬ ಒಂದೇ ಪದದ್ದಾಗಿದ್ದು ಬೇರೆ ವಿವರವೇ ಇಲ್ಲದಿದ್ದರೆ, ಅದನ್ನು ಮೆಚ್ಚುಗೆಯೆಂದೇ ಅನುವಾದಿಸಿ, ಎರಡನೆಯ ಕಾಲಂನಲ್ಲಿ 'ಧೋರಣೆ ಖಚಿತವಿಲ್ಲ' ಎಂದು ಬರೆದು, ಮೂರನೆಯದನ್ನು ಖಾಲಿ ಬಿಡಬೇಕು.