10, 16, 23: ಒಂದೇ ಅಂಕಿಗಳಿಂದ ನನಗೆ ಸಿಕ್ಕ ಮೂರು ಉತ್ತರ

ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ಅಂಕಿಅಂಶದ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸರ್ವೈವಲ್ ಕರ್ವ್, ಅಂದರೆ ಕಾಲ ಕಳೆದಂತೆ ಎಷ್ಟು ಪಾಲು ರೋಗಿಗಳು ಸಾವು ಅಥವಾ ಬೇರೊಂದು ಘಟನೆಯಿಲ್ಲದೆ ಉಳಿದರು ಎಂದು ತೋರಿಸುವ ಗ್ರಾಫ್, ನೋಡಿದರೆ ಯಾವ ಗೆರೆ ಮೇಲಿದೆ, ಯಾವುದು ಕೆಳಗಿದೆ ಎಂಬುದಷ್ಟೇ ನನಗೆ ಕಾಣುತ್ತಿತ್ತು. ಗೆರೆ ಯಾಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅದರ ಮೇಲಿನ ಸಣ್ಣ ಗೀಟುಗಳು ಏನು ಹೇಳುತ್ತವೆ ಎಂಬುದು ತಿಳಿದದ್ದು, ಹಳೆಯ ಅಧ್ಯಯನವೊಂದರ ಅಂಕಿಗಳನ್ನು ಪೆನ್ಸಿಲ್ ಹಿಡಿದು ನಾನೇ ಲೆಕ್ಕ ಹಾಕಿದ ಮೇಲೆ.

ಅದು ಫ್ರೈರೈಕ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗ. ತೀವ್ರ ಲ್ಯುಕೇಮಿಯಾ ಇದ್ದು, ಚಿಕಿತ್ಸೆಯಿಂದ ಕಾಯಿಲೆ ಹತೋಟಿಗೆ ಬಂದಿದ್ದ 42 ಎಳೆಯ ರೋಗಿಗಳನ್ನು 21 ಜೋಡಿ ಮಾಡಿದ್ದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ 6-ಎಂಪಿ ಎಂಬ ಔಷಧ, ಇನ್ನೊಬ್ಬರಿಗೆ ಔಷಧವಿಲ್ಲದ ಮಾತ್ರೆ. ಕಾಯಿಲೆ ಮರುಕಳಿಸಲು ಎಷ್ಟು ವಾರ ಹಿಡಿಯಿತು ಎಂದು ಅಳೆದರು. ಹಾಗಾಗಿ ಇಲ್ಲಿ ಗೆರೆ ಇಳಿದರೆ ಸಾವು ಎಂದಲ್ಲ, ಕಾಯಿಲೆ ಮರಳಿತು ಎಂದು. ಯಾವುದೇ ಗ್ರಾಫ್ ಕೈಗೆ ಬಂದರೂ ಇಳಿತ ಯಾವ ಘಟನೆಯನ್ನು ಸೂಚಿಸುತ್ತದೆ ಎಂದು ನಾನು ಮೊದಲು ನೋಡುವುದು ಅಂದಿನಿಂದ ರೂಢಿ.

6-ಎಂಪಿ ಗುಂಪಿನ 21 ಮಂದಿಯ ವಾರಗಳು ಹೀಗಿವೆ:

```
6 6 6 6+ 7 9+ 10 10+ 11+ 13 16 17+ 19+ 20+ 22 23 25+ 32+ 32+ 34+ 35+
```

ಕೂಡು ಚಿಹ್ನೆ ಇರುವ 12 ಮಂದಿ ಸೆನ್ಸರ್ ಆದವರು. ಕೊನೆಯ ಸಲ ನೋಡಿದಾಗಲೂ ಅವರಿಗೆ ಕಾಯಿಲೆ ಮರುಕಳಿಸಿರಲಿಲ್ಲ, ಮುಂದೇನಾಯಿತು ಎಂಬುದು ಈ ಅಂಕಿಗಳಲ್ಲಿಲ್ಲ. ಗ್ರಾಫಿನ ಮೇಲಿನ ಗೀಟುಗಳು ಇವರೇ.

ಮಧ್ಯಾಂಕ, ಅಂದರೆ ಅರ್ಧದಷ್ಟು ಮಂದಿಗೆ ಮರುಕಳಿಸಿದ ವಾರ, ಕಂಡುಹಿಡಿಯಲು ನಾನು ಮೊದಲು ಮಾಡಿದ್ದು ಆ 12 ಮಂದಿಯನ್ನು ಪಕ್ಕಕ್ಕಿಟ್ಟದ್ದು. ಉಳಿದ ಒಂಬತ್ತು ಅಂಕಿಗಳ ನಡುವಿನದು 10 ವಾರ. ಹೆಚ್ಚು ಕಾಲ ಚೆನ್ನಾಗಿದ್ದವರನ್ನೇ ಹೊರಗಟ್ಟಿದ್ದೇನೆಂದು ಹೊಳೆದು, ಎಲ್ಲರನ್ನೂ ಮರುಕಳಿಸಿದವರಂತೆ ಸೇರಿಸಿದೆ. 16 ವಾರ ಬಂತು. ಅದೂ ತಪ್ಪೇ. 35ನೇ ವಾರದಲ್ಲೂ ಆರೋಗ್ಯವಾಗಿದ್ದವರಿಗೆ ಅದೇ ವಾರ ಕಾಯಿಲೆ ಬಂತೆಂದು ನಾನೇ ಬರೆದಂತಾಗಿತ್ತು.

ಸರಿಯಾದ ದಾರಿ ಕಾಪ್ಲಾನ್ ಮತ್ತು ಮೇಯರ್ 1958ರಲ್ಲಿ ಕೊಟ್ಟದ್ದು. ಘಟನೆ ನಡೆದ ಪ್ರತಿ ವಾರವೂ ಒಂದೇ ಪ್ರಶ್ನೆ: ಆ ಹೊತ್ತಿಗೆ ಕಣದಲ್ಲಿ ಎಷ್ಟು ಮಂದಿ ಉಳಿದಿದ್ದರು, ಅವರಲ್ಲಿ ಎಷ್ಟು ಮಂದಿ ಪಾರಾದರು? 6ನೇ ವಾರದಲ್ಲಿ 21 ಮಂದಿಯಲ್ಲಿ ಮೂವರಿಗೆ ಮರುಕಳಿಸಿತು. ಅದೇ ವಾರ ಸೆನ್ಸರ್ ಆದವರನ್ನೂ ಆ 21ರಲ್ಲಿ ಎಣಿಸುವುದು ಪದ್ಧತಿ. 18/21, ಅಂದರೆ 0.857. 7ನೇ ವಾರಕ್ಕೆ ಉಳಿದವರು 17, ಪಾರಾದವರು 16. ಹಿಂದಿನ 0.857ನ್ನು 16/17ರಿಂದ ಗುಣಿಸಿದರೆ 0.807. ಹೀಗೇ ಮುಂದುವರಿದರೆ 10ನೇ ವಾರಕ್ಕೆ 0.753, 13ಕ್ಕೆ 0.690, 16ಕ್ಕೆ 0.627.

ಮುಂದಿನ ಹೆಜ್ಜೆಯಲ್ಲಿ ನಾನು ನಿಂತುಬಿಟ್ಟೆ. 16ರಿಂದ 22ನೇ ವಾರದ ನಡುವೆ ಒಬ್ಬರಿಗೂ ಮರುಕಳಿಸಲಿಲ್ಲ, ಗೆರೆ ಸಮತಟ್ಟಾಗಿದೆ, ಮೂರು ಗೀಟುಗಳಷ್ಟೇ ಇವೆ. ಆದರೆ ಆ ಗೀಟುಗಳ ಮೂವರು ಕಣದಿಂದ ಹೊರಟಿದ್ದರಿಂದ 22ನೇ ವಾರಕ್ಕೆ ಏಳೇ ಮಂದಿ ಉಳಿದರು. 7ನೇ ವಾರದಲ್ಲಿ ಒಬ್ಬರಿಗೆ ಮರುಕಳಿಸಿದಾಗ ಗೆರೆ 0.05ರಷ್ಟು ಇಳಿದಿತ್ತು. 22ರಲ್ಲಿ ಒಬ್ಬರಿಗೇ ಅದು 0.09 ಇಳಿದು 0.538ಕ್ಕೆ ಬಂತು. ಗೀಟು ತಾನಾಗಿ ಗೆರೆಯನ್ನು ಇಳಿಸುವುದಿಲ್ಲ, ಮುಂದಿನ ಇಳಿತವನ್ನು ದೊಡ್ಡದಾಗಿಸುತ್ತದೆ.

23ನೇ ವಾರದಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಮರುಕಳಿಸಿ ಗೆರೆ 0.448ಕ್ಕೆ ಬಂತು. ಅರ್ಧದ ಕೆಳಗೆ ಮೊದಲ ಬಾರಿ ಇಳಿದ ಜಾಗ ಅದು. ಹಾಗಾಗಿ ಮಧ್ಯಾಂಕ 23 ವಾರ. ಔಷಧವಿಲ್ಲದ ಗುಂಪಿನಲ್ಲಿ ಯಾರೂ ಸೆನ್ಸರ್ ಆಗಿರಲಿಲ್ಲ, ಅವರ ಗೆರೆ 8ನೇ ವಾರಕ್ಕೇ ಅರ್ಧ ದಾಟಿ ಇಳಿದಿತ್ತು. ಔಷಧ ಕೆಲಸ ಮಾಡಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಆ 23 ನಿಂತಿರುವುದು ಒಬ್ಬ ರೋಗಿಯ ಮೇಲೆ. ಆ ಒಬ್ಬರು ಮರುಕಳಿಸದೆ ಸೆನ್ಸರ್ ಆಗಿದ್ದರೆ ಗೆರೆ 0.538ರಲ್ಲೇ ಉಳಿದು, ಮಧ್ಯಾಂಕವನ್ನು ಇನ್ನೂ ತಲುಪಿಲ್ಲ ಎಂದು ಬರೆಯಬೇಕಾಗುತ್ತಿತ್ತು. ಕಂಪ್ಯೂಟರಿನಲ್ಲಿ, R ಎಂಬ ಅಂಕಿಅಂಶದ ತಂತ್ರಾಂಶದಲ್ಲಿ ಇದನ್ನು ನೋಡಬಹುದು, ಇದೇ ಅಂಕಿಗಳು ಅಲ್ಲಿ `gehan` ಎಂಬ ಹೆಸರಿನಲ್ಲಿವೆ:

```r
library(survival)
library(MASS)
survfit(Surv(time, cens) ~ treat, data = gehan)
```

6-ಎಂಪಿಯ ಮಧ್ಯಾಂಕ 23ರ ಪಕ್ಕದಲ್ಲಿ, ನಿಜವಾದ ಮಧ್ಯಾಂಕ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಶೇ 95ರ ವಿಶ್ವಾಸಾಂತರದ ಕೆಳಗಿನ ಮಿತಿ 16 ಎಂದು ಬರುತ್ತದೆ, ಮೇಲಿನ ಮಿತಿಯ ಜಾಗದಲ್ಲಿ `NA`. ಮೇಲೆ ಎಲ್ಲಿಯವರೆಗೆ ಹೋಗಬಹುದು ಎನ್ನಲು ಈ 21 ಮಂದಿಯ ಮಾಹಿತಿ ಸಾಲದು.

23ರ ನಂತರ 35ನೇ ವಾರದವರೆಗೆ ಗೆರೆ ನೇರವಾಗಿ ಸಾಗುತ್ತದೆ. ಇಷ್ಟು ಮಂದಿ ಗುಣವಾದರು ಎಂದು ಅದನ್ನು ಓದುವ ಆಸೆ ನನಗೂ ಆಗಿತ್ತು. ಅಲ್ಲಿರುವವರು ಐವರು, ಕೊನೆಯಲ್ಲಿ ಒಬ್ಬರೇ. ಆ ಒಬ್ಬರಿಗೆ ಮರುಕಳಿಸಿದ್ದರೆ ಗೆರೆ ಒಂದೇ ಸಲಕ್ಕೆ ಸೊನ್ನೆಗೆ ಬೀಳುತ್ತಿತ್ತು. ಈಗ ಗ್ರಾಫ್ ಬಂದರೆ, ಘಟನೆ ಯಾವುದೆಂದು ನೋಡಿದ ಕೂಡಲೇ ಅದರ ಅಡಿಯಲ್ಲಿ ಅಚ್ಚಾಗಿರುವ, ಕಣದಲ್ಲಿ ಉಳಿದವರ ಸಂಖ್ಯೆಯ ಸಾಲನ್ನು ಓದುತ್ತೇನೆ. ಅದು ಒಂದಂಕಿಗೆ ಇಳಿದ ಕಡೆಯಿಂದ ಬಲಭಾಗದ ಮೇಲೆ ಒಂದು ಚೀಟಿ ಮುಚ್ಚಿಟ್ಟು, ಎಡಭಾಗವನ್ನಷ್ಟೇ ನೋಡಿ ನನ್ನ ಟಿಪ್ಪಣಿ ಬರೆಯುತ್ತೇನೆ.