ಇಎಂಐ ಆಪ್ ಹೇಳದ ಲೆಕ್ಕ: ನಮ್ಮ ಗೃಹಸಾಲದ ಅನುಭವ

ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ ನೋಡಿದ ಮೇಲೆ ನಾನೂ ನನ್ನ ಹೆಂಡತಿಯೂ ಒಂದು ತಿಂಗಳು ಆಪ್‌ಗಳಲ್ಲೇ ಮುಳುಗಿದ್ದೆವು. ಬೇಕಿದ್ದದ್ದು 40 ಲಕ್ಷ, 20 ವರ್ಷಕ್ಕೆ. ಮೊದಲ ಬ್ಯಾಂಕ್ 8.5ಕ್ಕೆ, ಎರಡನೆಯದು 8.4ಕ್ಕೆ ಕೊಡುತ್ತೇವೆ ಎಂದಿದ್ದವು. ಯಾವ ಆಪ್‌ಗೆ ಹಾಕಿದರೂ ಎರಡನೆಯದರ ಕಂತು ಸುಮಾರು 250 ರೂಪಾಯಿ ಕಡಿಮೆ. "ಆಪೇ ತೋರಿಸ್ತಿದೆಯಲ್ಲ, ಇನ್ನೇನು ಲೆಕ್ಕ ಹಾಕ್ತೀಯೋ?" ಅಂದರು ಭಾವ.

ಆದರೆ ಎರಡನೇ ಬ್ಯಾಂಕಿನ ಕಾಗದದಲ್ಲಿ ಸಾಲದ ಮೊತ್ತ 41.6 ಲಕ್ಷ ಇತ್ತು. ಸಾಲಕ್ಕೆ ಜೋಡಿಸಿದ ವಿಮೆಯ 1.6 ಲಕ್ಷ ಪ್ರೀಮಿಯಂ ಅಸಲಿಗೇ ಸೇರಿಬಿಟ್ಟಿತ್ತು. ನಾವು ಆಪ್‌ಗೆ ಕೊಟ್ಟಿದ್ದು 40 ಲಕ್ಷ! ನಿಜವಾದ ಕಂತು ಸುಮಾರು 35,839, ಮೊದಲ ಬ್ಯಾಂಕಿನದು 34,713.

ಆಪ್ ಬಿಟ್ಟು ಎಕ್ಸೆಲ್‌ನಲ್ಲಿ ಕೂತೆ. ಕೈಗೆ ಬರುವ ಹಣ, ಅಂದರೆ 40 ಲಕ್ಷದಲ್ಲಿ ಶುಲ್ಕ ಮತ್ತು ಜಿಎಸ್‌ಟಿ 11,800 ಕಳೆದದ್ದು, ಒಂದು ಕಡೆ. ಕಟ್ಟಬೇಕಾದ 240 ತಿಂಗಳ ಕಂತು ಇನ್ನೊಂದು ಕಡೆ. ಇವೆರಡರಿಂದ ನಿಜವಾಗಿ ಬೀಳುವ ವಾರ್ಷಿಕ ಬಡ್ಡಿದರ ತೆಗೆದೆ. ಎರಡನೇ ಬ್ಯಾಂಕಿಗೆ ಸೂತ್ರ ಹೀಗೆ:

```
=RATE(240,-35839,3988200)*12
```

ಮೊದಲ ರಾತ್ರಿ ಎರಡೂ ಬ್ಯಾಂಕಿಗೆ 9% ಎಂದೇ ಬಂತು. ಹೆಂಡತಿ, "ಭಾವ ಹೇಳಿದ್ದೇ ಸರಿ, ಇದೂ ಒಂದೇ ಅದೂ ಒಂದೇ" ಅಂದಳು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ, ಆ ಸೆಲ್ ದಶಾಂಶವನ್ನೇ ತೋರಿಸುತ್ತಿರಲಿಲ್ಲ. ಎರಡು ದಶಾಂಶ ತೆರೆದಾಗ ಮೊದಲನೆಯದು 8.54ರ ಹತ್ತಿರ, ಎರಡನೆಯದು 8.98. ಕಂತಿನ ಮುಂದೆ ಮೈನಸ್ ಮರೆತರೆ ಉತ್ತರದ ಬದಲು ದೋಷ ಬರುತ್ತದೆ, ಅದರಲ್ಲೂ ಅರ್ಧ ಗಂಟೆ ಕಳೆದೆ.

ಈ ಅಂಕಿ ಹಿಡಿದು ಎರಡನೇ ಬ್ಯಾಂಕಿಗೆ ಹೋದೆವು. ಸಾಲದ ದರ, ಶುಲ್ಕಗಳನ್ನೆಲ್ಲ ಒಂದೇ ಕಡೆ ತೋರಿಸುವ ಕೆಎಫ್‌ಎಸ್ ಎಂಬ ಕಾಗದ ಕೊಡಿ ಎಂದು ಕೇಳಿದೆವು. 2024ರ ಅಕ್ಟೋಬರ್‌ನಿಂದ ಆರ್‌ಬಿಐ ಹೊಸ ಚಿಲ್ಲರೆ ಸಾಲಗಳಿಗೆ ಅದನ್ನು ಕಡ್ಡಾಯ ಮಾಡಿದೆ, ಬ್ಯಾಂಕ್ ವಸೂಲಿ ಮಾಡುವ ವಿಮೆಯನ್ನೂ ಅದರ ಎಪಿಆರ್‌ನಲ್ಲಿ, ಅಂದರೆ ಶುಲ್ಕಗಳೂ ಸೇರಿದ ವಾರ್ಷಿಕ ದರದಲ್ಲಿ, ಸೇರಿಸಬೇಕು. ಅವರ ಎಪಿಆರ್ ನನ್ನ ಲೆಕ್ಕಕ್ಕೆ ಬಹಳ ಹತ್ತಿರವಿತ್ತು. ವಿಮೆ ಬೇಡ ಎಂದು ಬರೆದುಕೊಟ್ಟೆವು. ದರ ಏರಿಸದೆ ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವಿಮೆ ಹೋದ ಮೇಲೆ ಅದೇ ಸೂತ್ರ 8.44 ತೋರಿಸಿತು. ಅಲ್ಲೇ ಸಾಲ ತೆಗೆದುಕೊಂಡು, ಟರ್ಮ್ ಪಾಲಿಸಿಯನ್ನು ಬೇರೆಯಾಗಿ ಮಾಡಿಸಿದೆವು.

ಅದೇ ಹಾಳೆಯಲ್ಲಿ ಇನ್ನೊಂದನ್ನೂ ನೋಡಿದೆ: ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಸಾಲ ಹದಿನಾರೂವರೆ ವರ್ಷದ ಹೊತ್ತಿಗೆ ತೀರುತ್ತದೆ. ಮೇಲಿನ ಸೂತ್ರ 20 ವರ್ಷ ಪೂರ್ತಿ ಕಟ್ಟುವವರಿಗೆ. ಐದಾರು ವರ್ಷಕ್ಕೇ ಮುಗಿಸುವವರಿಗೆ ಮೊದಲೇ ಕೊಟ್ಟ ಶುಲ್ಕದ ಭಾರ ಹೆಚ್ಚು ಬೀಳುತ್ತದೆ, ಅವರು 240ರ ಬದಲು ತಾವು ಕಟ್ಟುವ ತಿಂಗಳುಗಳ ಸಂಖ್ಯೆ ಹಾಕಿ, ಕೊನೆಯ ತಿಂಗಳು ಉಳಿಯುವ ಅಸಲನ್ನೂ ಸೂತ್ರದ ನಾಲ್ಕನೇ ಜಾಗದಲ್ಲಿ ಮೈನಸ್ ಹಾಕಿ ಕೊಡಬೇಕು.