‘ಸ್ವಲ್ಪ ನೋಡಿ ಸಾರ್’ ಮನವಿಪತ್ರವಾಗುವ ಬಗೆ

‘ನಮ್ ರೋಡಲ್ಲಿ ನಾಲ್ಕ್ ದಿನದಿಂದ ಲೈಟ್ ಉರೀತಿಲ್ಲ ಸಾರ್, ಸ್ವಲ್ಪ ನೋಡಿ.’ ವಾರ್ಡಿನ ಸದಸ್ಯರಿಗೆ ಮೊಬೈಲಿನಲ್ಲಿ ಕಳಿಸಿದ ಈ ಸಂದೇಶವನ್ನು ನಗರಸಭೆಯ ಪೌರಾಯುಕ್ತರಿಗೆ ಬರೆಯುವ ಮನವಿಯಾಗಿ ತಿದ್ದಬೇಕಾಗಿದೆ ಎಂದುಕೊಳ್ಳೋಣ. ಎಲ್ಲವನ್ನೂ ಒಂದೇ ಸಲ ಬದಲಿಸದೆ ಹಂತ ಹಂತವಾಗಿ ತಿದ್ದಿದರೆ, ಧಾಟಿಯನ್ನು ಬದಲಿಸುವ ಪದ ಯಾವುದೆಂಬುದು ಕಣ್ಣಿಗೆ ಕಾಣುತ್ತದೆ.

ಮೊದಲು ಮಾತಿನ ಉಚ್ಚಾರವನ್ನು ಬರಹದ ರೂಪಕ್ಕೆ ತನ್ನಿ: ‘ನಮ್ಮ ರೋಡಿನಲ್ಲಿ ನಾಲ್ಕು ದಿನದಿಂದ ಲೈಟ್ ಉರಿಯುತ್ತಿಲ್ಲ.’ ಹೊಸ ಪದ ಒಂದೂ ಸೇರಿಲ್ಲ, ಆದರೂ ಸಲುಗೆ ಅರ್ಧದಷ್ಟು ಇಳಿದಿದೆ.

ಎರಡನೆಯದು ನಾಮಪದಗಳ ಸರದಿ. ರೋಡು ರಸ್ತೆಯಾಗಲಿ, ಲೈಟ್ ಬೀದಿದೀಪವಾಗಲಿ. ಹೆಚ್ಚಿನವರು ಇದೇ ಮುಖ್ಯವೆಂದು ತಿಳಿಯುತ್ತಾರೆ, ನನಗೆ ಹಾಗೆನಿಸುವುದಿಲ್ಲ. ‘ಬೀದಿದೀಪ ಉರೀತಿಲ್ಲ, ನೋಡಿ ಸಾರ್’ ಎಂಬುದು ಇನ್ನೂ ಆಡುಮಾತೇ. ‘ಲೈಟ್ ಉರಿಯುತ್ತಿಲ್ಲವಾದ್ದರಿಂದ ದುರಸ್ತಿಪಡಿಸಬೇಕೆಂದು ಕೋರುತ್ತೇವೆ’ ಎಂಬುದು ಇಂಗ್ಲಿಷ್ ಪದವಿದ್ದರೂ ಅರ್ಜಿಯ ಮಾತು. ಧಾಟಿಯನ್ನು ಹಿಡಿದಿರುವುದು ಕ್ರಿಯಾಪದ.

ಮೂರನೆಯದಾಗಿ ‘ಸ್ವಲ್ಪ ನೋಡಿ’ ಎಂಬುದನ್ನು ಗಮನಿಸಬೇಕು. ಇಲ್ಲಿನ ‘ಸ್ವಲ್ಪ’ ಅಳತೆಯಲ್ಲ, ಬೇಡಿಕೆಯನ್ನು ಮೆದುಗೊಳಿಸುವ ಮಾತು. ಬರಹದಲ್ಲಿ ಆ ಕೆಲಸವನ್ನು ‘ಕೋರುತ್ತೇವೆ’ ಮಾಡುವುದರಿಂದ ‘ಸ್ವಲ್ಪ’ವನ್ನು ಬಿಡಬಹುದು. ‘ನೋಡಿ’ಗೆ ಬದಲಾಗಿ ‘ಪರಿಶೀಲಿಸಿ’ ಎಂದು ಬರೆಯಲು ಕೈ ಓಡುತ್ತದೆ, ಆದರೆ ಆಡುಮಾತಿನ ‘ನೋಡಿ’ಯಲ್ಲಿ ಸರಿಪಡಿಸಿ ಎಂಬ ಅರ್ಥವೂ ಅಡಗಿದೆ, ‘ಪರಿಶೀಲಿಸಿ’ಯಲ್ಲಿ ಅದಿಲ್ಲ. ಆದ್ದರಿಂದ ‘ದುರಸ್ತಿಪಡಿಸಬೇಕೆಂದು’ ಎಂದೇ ಬರೆಯಬೇಕು.

ಬಳಿಕ ಸಂಬೋಧನೆ. ‘ಸಾರ್’ ವಾಕ್ಯದ ನಡುವಿನಿಂದ ಎದ್ದು ಪತ್ರದ ತಲೆಗೆ ಹೋಗಿ ‘ಮಾನ್ಯರೇ’ ಆಗುತ್ತದೆ. ‘ನೀವು’ ಬೇಕೋ ‘ತಾವು’ ಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿ, ಕೊನೆಯವರೆಗೂ ಒಂದನ್ನೇ ಉಳಿಸಿಕೊಳ್ಳಿ. ಒಂದು ಸಾಲಿನಲ್ಲಿ ‘ತಾವು’, ಮುಂದಿನದರಲ್ಲಿ ‘ನಿಮ್ಮ’ ಎಂದಿದ್ದರೆ ತೇಪೆ ಎದ್ದು ಕಾಣುತ್ತದೆ.

ಪತ್ರವನ್ನು ಯಾವಾಗ ಓದುತ್ತಾರೋ ತಿಳಿಯದಾದ್ದರಿಂದ ‘ನಾಲ್ಕು ದಿನ’ದ ಜಾಗದಲ್ಲಿ ದಿನಾಂಕ ಬರಬೇಕು, ಯಾವ ದೀಪವೆಂದು ತಿಳಿಯಲು ಕಂಬದ ಸಂಖ್ಯೆಯೂ ಸೇರಬೇಕು. ಈಗ ವಾಕ್ಯ ಹೀಗಿದೆ: ‘ಮಾನ್ಯರೇ, ನಮ್ಮ ರಸ್ತೆಯ 14ನೇ ಕಂಬದ ಬೀದಿದೀಪವು ಜೂನ್ 12ರಿಂದ ಉರಿಯುತ್ತಿಲ್ಲ. ಅದನ್ನು ದುರಸ್ತಿಪಡಿಸಬೇಕೆಂದು ತಮ್ಮಲ್ಲಿ ಕೋರುತ್ತೇವೆ.’

ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಇನ್ನೂ ಗಂಭೀರವಾಗಲೆಂದು ‘ದೀಪವು ಉರಿಸಲ್ಪಡುತ್ತಿಲ್ಲ’ ಎಂದು ಬರೆದರೆ ಧಾಟಿಯ ಜೊತೆಗೆ ದೂರೂ ಬದಲಾಗುತ್ತದೆ: ‘ಉರಿಯುತ್ತಿಲ್ಲ’ ಎಂದಾಗ ಕೆಟ್ಟಿರುವುದು ದೀಪ, ‘ಉರಿಸಲ್ಪಡುತ್ತಿಲ್ಲ’ ಎಂದಾಗ ಸ್ವಿಚ್ ಹಾಕದವರು ಸಿಬ್ಬಂದಿ.